ಬಂದ ವಿಷಯ

ಈಚೆಗೆ ನನಗೊಂದು ಚಟ ಅಂಟಿಕೊಂಡಿದೆ. ಮನೆಗೆ ಯಾರೇ ಬರಲಿ, ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುವುದರೊಳಗೆ ನನ್ನ ಬಾಯಿಂದ "ಬಂದ ವಿಷಯ?" ಎಂಬ ಮಾತು ಜಾರಿಬಿಡುತ್ತದೆ. ಮೊನ್ನೆ ಎದುರುಮನೆಯ ಪದ್ಮಾ ಒಂದು ಹಿಡಿ ಕರಿಬೇವು ಕೇಳಲು ಬಂದಿದ್ದಳು. ನನ್ನ ಪ್ರಶ್ನೆ ಕೇಳಿ ಬಾಗಿಲಲ್ಲೇ ನಿಂತಳು. "ಏನ್ರೀ ಇದು, ತಾಲ್ಲೂಕು ಆಫೀಸಿಗೆ ಬಂದ ಹಾಗಾಯ್ತು. ಅರ್ಜಿ ಬರ್ಕೊಂಡ್ ಬರ್ಲಾ?" ಎಂದಳು. ನಾನು ನಕ್ಕು, ಎರಡು ಹಿಡಿ ಕರಿಬೇವು ಕೊಟ್ಟು ಕಳಿಸಿದೆ.

ನಾನು ಹೀಗಿರಲಿಲ್ಲ. ನಮ್ಮ ಕಾನ್ವೆಂಟಿನಲ್ಲಿ ಶುಕ್ರವಾರದ ಕೊನೆಯ ಪೀರಿಯಡ್ಡು ನಡವಳಿಕೆಯ ಪಾಠಕ್ಕೆ ಮೀಸಲು. ಅತಿಥಿಗಳು ಬಂದರೆ ಹೇಗೆ ಬಾಗಿಲು ತೆಗೆಯಬೇಕು, ಯಾವ ಕೈಯಲ್ಲಿ ನೀರು ಕೊಡಬೇಕು, ಅವರ ಎದುರು ಕಾಲು ಆಡಿಸದೆ ಹೇಗೆ ಕೂರಬೇಕು, ಇವೆಲ್ಲವನ್ನೂ ಸಿಸ್ಟರ್ ನಮ್ಮನ್ನು ಇಬ್ಬಿಬ್ಬರಾಗಿ ಎದ್ದು ನಿಲ್ಲಿಸಿ ನಾಟಕದ ಹಾಗೆ ಮಾಡಿಸುತ್ತಿದ್ದರು. ಒಬ್ಬಳು ಅತಿಥಿ, ಇನ್ನೊಬ್ಬಳು ಮನೆಯೊಡತಿ. ನಾನು ಯಾವಾಗಲೂ ಅತಿಥಿಯಾಗಲು ಆಸೆಪಡುತ್ತಿದ್ದೆ, ಏಕೆಂದರೆ ಅತಿಥಿಗೆ ಕುರ್ಚಿ ಸಿಗುತ್ತಿತ್ತು. ಆ ಪಾಠದಲ್ಲಿ ಎಲ್ಲಕ್ಕಿಂತ ದೊಡ್ಡ ಅಪರಾಧವೆಂದರೆ ಬಂದವರನ್ನು ಯಾಕೆ ಬಂದಿರಿ ಎಂದು ಕೇಳುವುದು. ಹವಾಮಾನ ಕೇಳಬಹುದು, ಆರೋಗ್ಯ ಕೇಳಬಹುದು, ಅವರು ಸಾಕಿದ ನಾಯಿಯ ಹೆಸರು ಕೇಳಬಹುದು. ಬಂದ ಕಾರಣವನ್ನು ಮಾತ್ರ ಅವರೇ ಹೇಳಬೇಕು. ಕಾನ್ವೆಂಟಿನ ಈ ಪಾಠಕ್ಕೂ ಜಯನಗರದ ನಮ್ಮ ಮನೆಯ ಪದ್ಧತಿಗೂ ವ್ಯತ್ಯಾಸವೇ ಇರಲಿಲ್ಲವಾದ್ದರಿಂದ, ಇಡೀ ಪ್ರಪಂಚವೇ ಹೀಗೆ ನಡೆಯುತ್ತದೆಂದು ನಂಬಿಕೊಂಡು ಬೆಳೆದೆ. ಮಗಳ ಮದುವೆಯ ಮಾತುಕತೆ ನಡೆಯುವವರೆಗೂ ಆ ನಂಬಿಕೆ ಗಟ್ಟಿಯಾಗಿಯೇ ಇತ್ತು.

ಮದುವೆಯ ಮಾತುಕತೆ ಎಂದರೆ ನನಗೆ ಚಿಕ್ಕಂದಿನಿಂದಲೂ ವಿಪರೀತ ಕುತೂಹಲ. ನಮ್ಮ ಚಿಕ್ಕಮ್ಮನನ್ನು ನೋಡಲು ಬರುತ್ತಿದ್ದ ಕಾಲದಲ್ಲಿ ನಾನು ಹಾಲಿನ ಮೂಲೆಯಲ್ಲಿದ್ದ ಹೊಲಿಗೆ ಮೆಷಿನ್ನಿನ ಕೆಳಗೆ, ಅದರ ಕಬ್ಬಿಣದ ಪೆಡಲಿನ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಕಾಲುಗಳು ಮಾತ್ರ. ಕಾಲಿಗೂ ಮಾತಿಗೂ ತಾಳೆ ಹಾಕುವುದು ನನ್ನ ಆಟ. ಒಪ್ಪಿಗೆ ಇಲ್ಲದವರ ಕಾಲು ಆಗಲೇ ಬಾಗಿಲ ಕಡೆಗೆ ತಿರುಗಿರುತ್ತಿತ್ತು. ಮೇಲೆ ಮಾತ್ರ ಕೇಸರಿಬಾತಿನ ಹೊಗಳಿಕೆ ನಡೆದಿರುತ್ತಿತ್ತು.

ಹಿರಿಯರ ಭಾಷೆಗೆ ಬೇರೆಯೇ ಅರ್ಥಗಳಿದ್ದವು. "ಹುಡುಗಿ ಬಹಳ ಚೂಟಿ" ಎಂದರೆ ಮಾತು ಹೆಚ್ಚಾಯಿತು ಎಂದು ಅರ್ಥ. "ಪರಿಚಯ ಆಯ್ತಲ್ಲ, ಅದೇ ಸಂತೋಷ" ಎಂದರೆ ಇನ್ನು ಈ ಕಡೆ ತಲೆಹಾಕುವುದಿಲ್ಲ. "ಮನೇಲಿ ಮಾತಾಡಿ ತಿಳಿಸ್ತೀವಿ" ಎನ್ನುವುದರಲ್ಲಿ ಎರಡು ಬಗೆ. ಹೆಂಗಸರು ಕುಂಕುಮ ತೆಗೆದುಕೊಳ್ಳುವಾಗ ಹೇಳಿದರೆ ಆಸೆ ಇಟ್ಟುಕೊಳ್ಳಬಹುದು, ಗಂಡಸರು ಚಪ್ಪಲಿ ಮೆಟ್ಟುತ್ತಾ ಹೇಳಿದರೆ ಮುಗಿಯಿತು. ಜಾತಕ ಕೂಡಿಬರಲಿಲ್ಲವೆಂಬ ಸುದ್ದಿ ಬಂದ ದಿನ ಅಜ್ಜಿ, "ಜಾತಕಕ್ಕೇನಾಗಿತ್ತು, ಅವರಿಗೆ ಮನೆ ಚಿಕ್ಕದಾಗಿ ಕಂಡಿರತ್ತೆ" ಎನ್ನುತ್ತಾ ಮಿಕ್ಕ ಬಜ್ಜಿಯನ್ನು ನನ್ನ ತಟ್ಟೆಗೆ ಹಾಕುತ್ತಿದ್ದಳು. ಚಿಕ್ಕಮ್ಮನ ಪಾಲಿನ ಆ ಬೇಸರದ ದಿನಗಳು ನನ್ನ ಪಾಲಿಗೆ ಬಜ್ಜಿಯ ದಿನಗಳಾಗಿದ್ದವು. ಮಕ್ಕಳು ಎಷ್ಟು ಕಲ್ಲುಮನಸ್ಸಿನವರು ನೋಡಿ.

ಎಲ್ಲಿಂದ ಎಲ್ಲಿಗೋ ಹೋದೆ. ನಮ್ಮ ಸಿಂಧುವಿನ ವಿಷಯಕ್ಕೆ ಬರುತ್ತೇನೆ.

ಸಿಂಧು ಪ್ರಾಣಿಗಳ ಡಾಕ್ಟರು. ನಾಯಿ ಬೆಕ್ಕು ನೋಡಿಕೊಂಡು ಆರಾಮಾಗಿರಬಹುದಿತ್ತು, ಆದರೆ ಅವಳಿಗೆ ದನಗಳೆಂದರೆ ಪ್ರಾಣ. ಬಿಳೇಕಹಳ್ಳಿಯಲ್ಲಿ ಇನ್ನೂ ಹಸು ಸಾಕುವ ಒಂದು ಮನೆಯಿದೆ ಎಂದು ಅವಳು ಹೇಳಿದಾಗ ನಾನು ನಂಬಿರಲಿಲ್ಲ. ಸುತ್ತ ಅಪಾರ್ಟ್‌ಮೆಂಟುಗಳು, ಮಧ್ಯೆ ಕೊಟ್ಟಿಗೆ. ಅದು ನಂಜಪ್ಪನವರ ಮನೆ. ಅವರ ಹೊಲಗಳಿದ್ದ ಕಡೆ ಈಗ ಅವರದೇ ಬಾಡಿಗೆ ಮನೆಗಳಿವೆ. ಮೊಮ್ಮಗ ಲೋಹಿತ್ ಅಲ್ಲೇ ಪ್ಲೈವುಡ್ ಅಂಗಡಿ ನಡೆಸುತ್ತಾನೆ. ಹಸುವಿಗೆ ಕೆಚ್ಚಲು ಬಾವು ಬಂದಾಗ ಸಿಂಧು ಹೋದಳು. ಬಾವು ಇಳಿಯಿತು. ಹಸು ಹುಷಾರಾದ ಮೇಲೂ ಇವಳ ಓಡಾಟ ನಿಲ್ಲಲಿಲ್ಲ. ನಾವು ಮೂರ್ಖರು, ಹಸುವಿಗೆ ಏನೋ ದೊಡ್ಡ ಕಾಯಿಲೆ ಇರಬೇಕು ಎಂದುಕೊಂಡೆವು.

ವಿಷಯ ಹೊರಬಿದ್ದಾಗ ನನ್ನ ಗಂಡ ಮುರಳಿ ಒಂದು ವಾರ ಪೇಪರ್ ಓದುವಂತೆ ನಟಿಸಿ, ಆಮೇಲೆ "ಹುಡುಗ ಒಳ್ಳೆಯವನೇ" ಎಂದರು. ನನಗೂ ಲೋಹಿತ್ ಹಿಡಿಸಿದ್ದ. ಉಳಿದವರು ನಮ್ಮ ಮಾವನವರು.

ಮಾವನವರು ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಯಾರ ಮನಸ್ಸನ್ನೂ ನೋಯಿಸಿದವರಲ್ಲ. ಅದಕ್ಕೆ ಅವರು ಕಂಡುಕೊಂಡ ಉಪಾಯವೆಂದರೆ ಯಾವುದಕ್ಕೂ ಹೂಂ ಎಂದಾಗಲಿ ಉಹೂಂ ಎಂದಾಗಲಿ ಹೇಳದೆ ಇರುವುದು. ಅವರದು ಒಂದೇ ಪದ, "ನೋಡೋಣ." ನಾನು ಮದುವೆಯಾಗಿ ಬಂದ ಹೊಸದರಲ್ಲಿ ಮಿಕ್ಸಿ ಬೇಕು ಎಂದಾಗ "ನೋಡೋಣ" ಅಂದಿದ್ದರು. ಮಿಕ್ಸಿ ಬರುವ ಹೊತ್ತಿಗೆ ನನಗೆ ಒರಳಲ್ಲಿ ರುಬ್ಬುವುದು ಚೆನ್ನಾಗಿ ಅಭ್ಯಾಸವಾಗಿತ್ತು. ಸಿಂಧುವಿನ ವಿಷಯಕ್ಕೂ ಹಾಗೇ ಆಯಿತು. ಬೇರೆ ಜಾತಿ, ಬೇರೆ ಪದ್ಧತಿ, ಎಲ್ಲವನ್ನೂ ಕೇಳಿಸಿಕೊಂಡು, ಕನ್ನಡಕ ಒರೆಸಿಕೊಂಡು, "ಮಗು ಇಷ್ಟಪಟ್ಟಿದ್ದಾಳೆ. ನೋಡೋಣ. ಬರ್ಲಿ ಅವರು" ಎಂದರು.

ಸಿಂಧು ತಾತನ ಕೈಯಲ್ಲೇ ಬೆಳೆದವಳು. ಆ ರಾತ್ರಿ ನನ್ನ ಪಕ್ಕ ಬಂದು ಮಲಗಿ, "ತಾತ ಬೇಡ ಅಂದ್ರೆ ಜಗಳ ಆಡ್ಬಹುದಮ್ಮ. ಅವರು ಬೇಡ ಅನ್ನಲ್ಲ, ಬೇಕು ಅಂತಾನೂ ಅನ್ನಲ್ಲ. ಅವರು ಮನಸಾರೆ ಹೂಂ ಅನ್ನದೆ ನಾನು ಮುಂದೆ ಹೋಗಲ್ಲ" ಎಂದಳು. ಅವಳ ಹಠ ನನಗೆ ಗೊತ್ತು. ನನಗೆ ಭಯ ಶುರುವಾಯಿತು.

ಗೊತ್ತುಮಾಡಿದ ಭಾನುವಾರ ಅವರು ಬಂದರು. ನಂಜಪ್ಪನವರು, ಅವರ ಮಗ, ಸೊಸೆ ಸರೋಜಮ್ಮ, ಲೋಹಿತ್. ನಂಜಪ್ಪನವರದು ಗಂಜಿ ಹಾಕಿದ ಬಿಳಿ ಪಂಚೆ, ಹೆಗಲ ಮೇಲೆ ಮಡಿಸಿದ ಟವೆಲ್ಲು. ಸರೋಜಮ್ಮನ ಕೈಯಲ್ಲಿ ಒಂದು ದೊಡ್ಡ ಬಟ್ಟೆಯ ಚೀಲ. ಅದರ ಬಾಯಿಂದ ತೆಂಗಿನಕಾಯಿಯ ಜುಟ್ಟು ಇಣುಕುತ್ತಿತ್ತು. ಅದನ್ನು ನನ್ನ ಕೈಗೆ ಕೊಡುತ್ತಾರೆಂದು ಕೈ ಮುಂದೆ ಮಾಡಿದೆ. ಅವರು ಮುಗುಳ್ನಕ್ಕು ಚೀಲವನ್ನು ತಮ್ಮ ಕಾಲ ಬಳಿಯೇ ಇಟ್ಟುಕೊಂಡರು. ಮುಂದೆ ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ನಾನು ಕುರ್ಚಿಯ ದಿಂಬು ಸರಿಮಾಡಿದೆ.

ಮೊದಮೊದಲು ಎಲ್ಲವೂ ಸರಿಯಾಗಿಯೇ ನಡೆಯಿತು. ಎರಡು ಮನೆಯ ಹಿರಿಯರು ಮೊದಲ ಸಲ ಕೂತಾಗ ಏನು ಮಾಡುತ್ತಾರೆ ಗೊತ್ತಲ್ಲ, ಇಬ್ಬರಿಗೂ ಗೊತ್ತಿರುವ ಮೂರನೆಯವರೊಬ್ಬರನ್ನು ಹುಡುಕುತ್ತಾರೆ. ಸಿಕ್ಕರೆ ಅರ್ಧ ಕೆಲಸ ಆದಂತೆ. ಮಾವನವರು ಶುರುಮಾಡಿದರು.

"ಬಿಳೇಕಹಳ್ಳಿ ಅಂದ್ರೆ, ಆ ಮ್ಯಾನೇಜ್‌ಮೆಂಟ್ ಕಾಲೇಜಿನ ಹತ್ರ ಅಲ್ವೇ?"

"ಕಾಲೇಜು ನಮ್ಮ ಹತ್ರ ಬಂದಿದ್ದು ಸ್ವಾಮಿ" ಎಂದರು ನಂಜಪ್ಪನವರು. "ನಾವು ಮೊದಲಿಂದ ಅಲ್ಲೇ ಇದ್ದೋರು."

ಮುರಳಿ ನಕ್ಕರು. ಮಾವನವರಿಗೂ ನಗು ಬಂತು. ಹಿಂದೆ ಅಲ್ಲಿ ರಾಗಿ ಬೆಳೆಯುತ್ತಿದ್ದದ್ದು, ಅವರೆಕಾಯಿ ಮೂಟೆ ಗಾಡಿಯಲ್ಲಿ ಮಾರ್ಕೆಟ್ಟಿಗೆ ಹೋಗುತ್ತಿದ್ದದ್ದು, ಎಲ್ಲಾ ಬಂದವು. ಮೂರನೆಯವರೂ ಸಿಕ್ಕರು. ನಂಜಪ್ಪನವರ ತಮ್ಮನ ಹೆಂಡತಿಯ ಅಣ್ಣನ ಮಗ ಮಾವನವರ ಶಾಲೆಯಲ್ಲಿ ಓದಿದ್ದನಂತೆ. "ಲೆಕ್ಕದಲ್ಲಿ ಬುದ್ಧಿವಂತ" ಎಂದರು ಮಾವನವರು. "ಹೊಡೀತಿದ್ರಂತೆ ನೀವು" ಎಂದರು ನಂಜಪ್ಪನವರು. "ಅವನೊಬ್ಬನಿಗೇ" ಎಂದರು ಮಾವನವರು. ಮತ್ತೆ ನಗು. ನಾನು ಒಳಗೊಳಗೇ ಸಮಾಧಾನದ ಉಸಿರು ಬಿಟ್ಟು, ಕಾಫಿ, ಉಪ್ಪಿಟ್ಟು, ಕೋಡುಬಳೆ ತಂದಿಟ್ಟೆ.

ಅಲ್ಲಿಗೆ ಮಾತು ನಿಂತುಹೋಯಿತು.

"ತಗೊಳ್ಳಿ" ಎಂದೆ. "ಆಗ್ಲಿ ತಾಯಿ" ಎಂದರು. ಯಾರೂ ಮುಟ್ಟಲಿಲ್ಲ. ಮಾವನವರು ಮಳೆ ಬರುವ ಹಾಗಿದೆ ಎಂದರು. ನಂಜಪ್ಪನವರು ಹೌದೆಂದರು. ಮುರಳಿ ಮೆಟ್ರೋ ಬಂದ ಮೇಲೂ ಟ್ರಾಫಿಕ್ ಇಳಿದಿಲ್ಲ ಎಂದರು. ಲೋಹಿತನ ಅಪ್ಪ ಹೌದೆಂದರು. ಮತ್ತೆ ಮೌನ. ಗೋಡೆ ಗಡಿಯಾರದ ಸದ್ದು ಇಷ್ಟು ಜೋರೆಂದು ನನಗೆ ಅಂದೇ ಗೊತ್ತಾದದ್ದು. ಸ್ಟೀಲ್ ಲೋಟಗಳಲ್ಲಿ ಕಾಫಿಯ ಮೇಲೆ ನಿಧಾನವಾಗಿ ಕೆನೆ ಕಟ್ಟಲು ಶುರುವಾಯಿತು. ನಾನು ಅದನ್ನೇ ನೋಡುತ್ತಾ ಕೂತೆ. ಮೊದಲು ಅಂಚಿನಲ್ಲಿ ಒಂದು ಸುಕ್ಕು ಬೀಳುತ್ತದೆ, ಆಮೇಲೆ ಮಧ್ಯಕ್ಕೆ ಎಳೆದುಕೊಳ್ಳುತ್ತದೆ. ಯಾರಾದರೂ ಕುಡಿದರೆ ಸಾಕು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಸಿಂಧು ನನ್ನ ಕಿವಿಯಲ್ಲಿ, "ಅಮ್ಮ, ದಿನಾ ಡಾಕ್ಟ್ರಮ್ಮ ಡಾಕ್ಟ್ರಮ್ಮ ಅಂತ ಹಿಂದೆ ಬರೋ ನಂಜಪ್ಪ ತಾತ ಇವತ್ತು ನನ್ನ ಮುಖಾನೇ ನೋಡ್ತಿಲ್ಲ" ಎಂದಳು. ನಿಜವಾಗಿಯೂ ಅವರು ಅವಳನ್ನು ಗುರುತೇ ಇಲ್ಲದವರಂತೆ ಗಡಿಯಾರ ನೋಡುತ್ತಿದ್ದರು. ಮಾವನವರ ಮುಖವೂ ಬಿಗಿಯತೊಡಗಿತ್ತು. ಮನೆಗೆ ಬಂದು ಕಾಫಿ ಮುಟ್ಟದವರ ಬಗ್ಗೆ ನಮ್ಮಲ್ಲಿ ಏನು ತಿಳಿಯುತ್ತಾರೆಂದು ಬೇರೆ ಹೇಳಬೇಕಿಲ್ಲ.

ಆಗ ಸರೋಜಮ್ಮ ಚೀಲದಿಂದ ಎಲೆಯ ಪೊಟ್ಟಣವೊಂದನ್ನು ತೆಗೆದುಕೊಂಡು ಎದ್ದರು. "ಅಕ್ಕ, ಸ್ವಲ್ಪ ಅಡುಗೆಮನೆಗೆ ಬರ್ಲಾ? ಹೂ ಬಾಡ್ತೈತೆ. ನೀರು ಚಿಮುಕಿಸ್ಬೇಕು."

ಒಳಗೆ ಪೊಟ್ಟಣ ಬಿಚ್ಚಿದರು. ಒತ್ತೊತ್ತಾಗಿ ಕಟ್ಟಿದ ಮಲ್ಲಿಗೆ ಮತ್ತು ಮರುಗ. ಯಾರ ಮುಡಿಗೆ ತಂದದ್ದೆಂದು ಕೇಳಬೇಕಿರಲಿಲ್ಲ. ಒಪ್ಪಿಗೆ ಇಲ್ಲದವರು ಮನೆಯಲ್ಲಿ ಕೂತು ಇಷ್ಟು ಒತ್ತಾಗಿ ಹೂ ಕಟ್ಟಿಕೊಂಡು ಬರುತ್ತಾರೆಯೇ? ಅವರು ಬೆರಳ ತುದಿಯಿಂದ ನೀರು ಚಿಮುಕಿಸುವುದನ್ನು ನೋಡುತ್ತಾ ನನಗೆ ತಡೆಯಲಾಗಲಿಲ್ಲ.

"ಸರೋಜಮ್ಮ, ತಪ್ಪು ತಿಳ್ಕೋಬೇಡಿ. ಕಾಫಿ ಯಾಕೆ ಯಾರೂ ಮುಟ್ತಿಲ್ಲ? ನಮ್ಮನೇಲಿ ಕುಡಿಯೋಕೆ ಏನಾದ್ರೂ…"

"ಅಯ್ಯೋ, ಹಂಗಲ್ಲ ಅಕ್ಕ" ಎಂದು ಅವರು ನನ್ನ ಕೈ ಹಿಡಿದುಕೊಂಡರು. "ನಮ್ಮಾವ ಕುಡೀದೆ ನಾವು ಕುಡಿಯಂಗಿಲ್ಲ. ಮಾತಾಗದೆ ಅವ್ರು ಹೆಣ್ಣಿನ ಮನೆ ನೀರೂ ಮುಟ್ಟಲ್ಲ, ಹುಡುಗಿ ಮುಖಾನೂ ನೋಡಲ್ಲ. ಉಪ್ಪು ತಿಂದು ಆಮೇಲೆ ಬೇಡ ಅಂದ್ರೆ ಎರಡು ಮನೆಗೂ ಒಳ್ಳೇದಲ್ಲ ಅಂತ."

"ಹಾಗಾದ್ರೆ ಮಾತಾಡ್ಬಹುದಲ್ಲ?"

"ನೀವು ಕೇಳ್ಬೇಕಲ್ಲ ಅಕ್ಕ, ಬಂದ ವಿಷಯ ಏನು ಅಂತ."

ನಾನು ಅವರ ಮುಖವನ್ನೇ ನೋಡಿದೆ. "ಬಂದ ವಿಷಯ ನಮಗೆ ಗೊತ್ತಲ್ಲ."

"ಎಲ್ಲಾರಿಗೂ ಗೊತ್ತು. ಆದ್ರೂ ಮನೆಯೋರು ಕೇಳ್ಬೇಕು. ಕೇಳ್ದಲೇ ನಾವೇ ಹೇಳಿದ್ರೆ ಮೇಲೆ ಬಿದ್ದು ಹೆಣ್ಣು ಕಿತ್ಕೊಂಡ್ ಹೋಗಕ್ಕೆ ಬಂದಂಗಾಗಲ್ವಾ? ಕೇಳ್ಲಿಲ್ಲ ಅಂದ್ರೆ, ಆ ಮನೆಗೆ ಮಾತು ಮುಂದುವರಿಸಕ್ಕೆ ಇಷ್ಟ ಇಲ್ಲ ಅಂತ ಲೆಕ್ಕ. ಸುಮ್ನೆ ಎದ್ದು ಬರ್ಬೇಕು." ಅವರು ಹೂವನ್ನು ಮತ್ತೆ ಎಲೆಯಲ್ಲಿ ಮಡಿಸಿದರು. "ನಮ್ಮಾವ ಆಗ್ಲೇ ಎರಡು ಸಲ ಗಡಿಯಾರ ನೋಡಿದ್ರು. ಇನ್ನೊಂದ್ ಸಲ ನೋಡಿದ್ರೆ ಎದ್ದೇಬಿಡ್ತಾರೆ."

ಇಲ್ಲಿ ಇಬ್ಬರು ಸೊಸೆಯಂದಿರು, ಅಲ್ಲಿ ಇಬ್ಬರು ಮಾವಂದಿರು. ನಮ್ಮ ಮಾವ ಕೇಳಲೆಂದು ಅವರ ಮಾವ, ಅವರೇ ಹೇಳಲೆಂದು ನಮ್ಮ ಮಾವ. ಇಬ್ಬರೂ ಮರ್ಯಾದೆಗೆ ಕೂತಿದ್ದಾರೆ, ಇಬ್ಬರಿಗೂ ಅವಮಾನವಾಗುತ್ತಿದೆ. ಸಿಸ್ಟರ್ ಹೇಳಿಕೊಟ್ಟ ಅತ್ಯುತ್ತಮ ನಡವಳಿಕೆಯಿಂದಲೇ ನನ್ನ ಮಗಳ ಮದುವೆ ಮುರಿದುಬೀಳುವ ಹಾಗಿತ್ತು.

ಹಾಲಿಗೆ ಬಂದು ಮುರಳಿಗೆ ಕಣ್ಸನ್ನೆ ಮಾಡಿದೆ. ಅವರು ಮೀಸೆಯ ಮೇಲೆ ಏನೋ ಅಂಟಿದೆಯೆಂದುಕೊಂಡು ಕರ್ಚೀಫಿನಿಂದ ಒರೆಸಿಕೊಂಡರು. ಮತ್ತೆ ಸನ್ನೆ ಮಾಡಿದೆ. ಇನ್ನೊಂದು ಕಡೆಯೂ ಒರೆಸಿಕೊಂಡರು. ಮಾವನವರ ಕಿವಿಯಲ್ಲಿ ಹೇಳೋಣವೆಂದರೆ ಬಂದವರ ಎದುರು ಪಿಸುಗುಟ್ಟುವುದು ಅವರಿಗೆ ಸೇರದು. ಅಷ್ಟರಲ್ಲಿ ನಂಜಪ್ಪನವರು ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು, ಎರಡೂ ಕೈಯನ್ನು ಮಂಡಿಯ ಮೇಲಿಟ್ಟರು. ಹೊಲಿಗೆ ಮೆಷಿನ್ನಿನ ಕೆಳಗೆ ಕಲಿತ ವಿದ್ಯೆ ನನಗೆ ಆಗ ನೆನಪಾಯಿತು. ಅವರ ಪಾದ ನೋಡಿದೆ. ಬಾಗಿಲ ಕಡೆ ತಿರುಗುತ್ತಿತ್ತು.

"ಬಂದ ವಿಷಯ ಏನು ಅಂತ ಹೇಳಿದ್ರೆ…" ಎಂದುಬಿಟ್ಟೆ.

ಆಸ್ಪತ್ರೆಯ ಕೌಂಟರಿನಲ್ಲಿ ಕೂತವರು ಕೇಳುವ ಹಾಗಿತ್ತು ನನ್ನ ಧ್ವನಿ. ಮಾವನವರು ನನ್ನ ಕಡೆ ತಿರುಗಿದ ನೋಟವನ್ನು ಈಗ ನೆನೆದರೂ ಸೆರಗು ಸರಿಮಾಡಿಕೊಳ್ಳುವಂತಾಗುತ್ತದೆ. ಸೊಸೆಯಾಗಿ ಬಂದಾಗಿನಿಂದ ಅವರು ನನ್ನನ್ನು ಹಾಗೆ ನೋಡಿರಲಿಲ್ಲ. ಮುರಳಿಯ ಕರ್ಚೀಫು ಮೂಗಿನ ಹತ್ತಿರವೇ ನಿಂತಿತು.

ನಂಜಪ್ಪನವರು ಮಾತ್ರ ಕೂತಲ್ಲಿಂದ ಎದ್ದು, ಹೆಗಲ ಟವೆಲ್ಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ತಾಯಿ ಕೇಳಿದ್ದು ಸರಿಯಾಗೈತೆ. ಕೇಳ್ಲಿ ಅಂತಾನೇ ಕೂತಿದ್ದೆ" ಎಂದು ಮಾವನವರ ಕಡೆ ತಿರುಗಿದರು. ಧ್ವನಿಯೇ ಬದಲಾಯಿತು. "ಸ್ವಾಮಿ, ನಿಮ್ಮನೇಲಿ ಒಂದು ಹೆಣ್ಣು ಮಗಳು ಬೆಳೆದು ನಿಂತವ್ಳೆ. ನಮ್ಮನೇಲಿ ಒಬ್ಬ ಗಂಡು ಹುಡುಗ ಅವ್ನೆ. ನಿಮ್ಮನೆ ಮಗಳನ್ನ ನಮ್ಮನೆ ತುಂಬಿಸ್ಕೊಳಾಣ ಅಂತ ಕೇಳಕ್ ಬಂದಿದೀವಿ. ಕೊಡ್ತೀರಾ?"

ಲೋಹಿತ್ ತಲೆ ತಗ್ಗಿಸಿದ. ಸಿಂಧು ನನ್ನ ಸೆರಗು ಹಿಡಿದು, "ಕೊಡೋದಾ? ನಾನೇನಮ್ಮ, ಪಾತ್ರೆನಾ?" ಎಂದು ಪಿಸುಗುಟ್ಟಿದಳು. ಅವಳ ಮಾತಿನಲ್ಲಿ ನ್ಯಾಯವಿತ್ತು. ಆದರೂ ನನಗೆ ಆ ಕ್ಷಣದಲ್ಲಿ ಅದಕ್ಕಿಂತ ಹೆಚ್ಚು ಕುತೂಹಲವಿದ್ದದ್ದು, ಇಂಥ ನೇರ ಪ್ರಶ್ನೆಗೆ ಮಾವನವರು ಏನು ಉತ್ತರ ಕೊಡುತ್ತಾರೆಂದು.

ಮಾವನವರೂ ಎದ್ದು ನಿಂತಿದ್ದರು. ಕೈ ಮುಗಿದು, "ಕೂತ್ಕೊಳ್ಳಿ, ಕೂತ್ಕೊಳ್ಳಿ. ನಮ್ಮದೇನಿದೆ ಬಿಡಿ. ಈಗಿನ ಕಾಲದಲ್ಲಿ ಮಕ್ಕಳೇ ಎಲ್ಲಾ ತೀರ್ಮಾನ ಮಾಡಿರ್ತಾರೆ" ಎಂದರು. ನಮ್ಮ ಕಡೆಯ ಯಾರೇ ಆಗಿದ್ದರೂ ಇದನ್ನು ಒಪ್ಪಿಗೆಯೆಂದೇ ಹಿಡಿದು ಕಾಫಿ ಲೋಟಕ್ಕೆ ಕೈ ಹಾಕುತ್ತಿದ್ದರು.

ನಂಜಪ್ಪನವರು ಕೂರಲಿಲ್ಲ. "ಮಕ್ಕಳ ಮಾತು ಮಕ್ಕಳು ಆಡ್ಕೊಂಡವ್ರೆ. ನಾನು ನಿಮ್ಮನ್ನ ಕೇಳ್ತಿರೋದು ಸ್ವಾಮಿ. ಕೊಡ್ತೀರಾ?"

"ಅಂದ್ರೆ… ದೈವೇಚ್ಛೆ ಹೇಗಿದೆಯೋ ಹಾಗೆ ಆಗತ್ತೆ."

"ದೇವ್ರನ್ನ ಬೆಳಗ್ಗೆನೇ ಕೇಳ್ಕೊಂಡ್ ಬಂದೆ. ಅವನು ಆಗ್ಲಿ ಅಂದ. ಇನ್ನು ನೀವೊಬ್ರೇ ಬಾಕಿ."

ಮುರಳಿ ನಗು ತಡೆಯಲು ಕೆಮ್ಮಿದರು. ಮಾವನವರಿಗೆ ನಗು ಬರಲಿಲ್ಲ. ಅವರ ಬಾಯಿ "ನೋಡೋಣ"ಕ್ಕೆ ಸಿದ್ಧವಾಗುತ್ತಿರುವುದು ನನಗೆ ಕಂಡಿತು, ಆ ತುಟಿಗಳು ಹೇಗೆ ಮುಂದಾಗುತ್ತವೆಂದು ನನಗೆ ಚೆನ್ನಾಗಿ ಗೊತ್ತು. ನಂಜಪ್ಪನವರಿಗೂ ಕಂಡಿರಬೇಕು. ಅವರು ಸ್ವಲ್ಪ ಹತ್ತಿರ ಬಂದು, ದನಿ ತಗ್ಗಿಸಿ ಹೇಳಿದರು:

"ನಮ್ಮಲ್ಲಿ ಮೂರು ಸಲ ಕೇಳೋದು ಸ್ವಾಮಿ. ಇದು ಕೊನೇದು. ಇಲ್ಲ ಅಂದ್ರೂ ನಂಗೆ ಕೋಪ ಇಲ್ಲ, ಕೈ ಮುಗ್ದು ಹೋಗ್ತೀನಿ. ಹಸು ನೋಡಕ್ಕೆ ಮಗು ಬರ್ಲಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆದ್ರೆ ಮನಸಲ್ಲಿ ಇಲ್ಲ ಇಟ್ಕೊಂಡು ಬಾಯಲ್ಲಿ ಬೇರೆ ಏನೋ ಅನ್ಬೇಡಿ. ಅವಳು ನಮ್ಮನೆಗೆ ಬರೋವಾಗ ಆ ಇಲ್ಲ ಅನ್ನೋದೂ ಜೊತೇಲಿ ಬರ್ತದೆ. ಅದನ್ನ ಅವಳು ದಿನಾ ಹೊರ್ಬೇಕಾಗ್ತದೆ. ಕೊಡ್ತೀರಾ?"

ಗಡಿಯಾರದ ಸದ್ದು ಮತ್ತೆ ಕೇಳಿಸಿತು. ಮಾವನವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಸಿಂಧುವಿನ ಕೈ ನನ್ನ ಸೆರಗಿನಲ್ಲಿ ಇನ್ನೂ ಬಿಗಿಯಾಯಿತು.

"ನಾನೊಂದು ಕೇಳ್ಬಹುದಾ?" ಎಂದರು ಕೊನೆಗೆ.

"ಕೇಳಿ."

"ಇವಳು ಚಿಕ್ಕವಳಿದ್ದಾಗಿಂದ, ಏನೇ ಆದ್ರೂ ಮೊದಲು ನನ್ನ ಹತ್ರ ಬರ್ತಾಳೆ. ಶಾಲೇಲಿ ಬಿದ್ದು ಬಂದ್ರೂ ಅಷ್ಟೇ, ಮೊನ್ನೆ ಯಾವುದೋ ಕರು ಸತ್ತು ಹೋಯ್ತು ಅಂತ ಅಳ್ತಾ ಬಂದಿದ್ದೂ ನನ್ನ ಕೋಣೆಗೇ. ನಿಮ್ಮ ಮನೆ ಊಟ ಬೇರೆ, ಪೂಜೆ ಬೇರೆ, ಮಾತು ಬೇರೆ. ಅದೆಲ್ಲಾ ಕಲೀತಾಳೆ, ಓದಿದವಳು. ಆದ್ರೆ ಕಲಿಯೋವರ್ಗೂ ಏನಾದ್ರೂ ತಪ್ಪಾಗಿ, ಮನಸ್ಸು ಕೆಟ್ಟ ದಿನ ಅವಳು ಯಾರ ಹತ್ರ ಹೋಗ್ಬೇಕು?"

ಅಷ್ಟು ದಿನ ಆ "ನೋಡೋಣ"ದ ಹಿಂದೆ ಇದ್ದದ್ದು ಇದು. ನಾನು ಜಾತಿ ಎಂದುಕೊಂಡಿದ್ದೆ, ಮುರಳಿ ನೆಂಟರಿಷ್ಟರ ಮಾತು ಎಂದುಕೊಂಡಿದ್ದರು, ಸಿಂಧು ಪ್ಲೈವುಡ್ ಅಂಗಡಿ ಎಂದುಕೊಂಡಿದ್ದಳು. ಒಬ್ಬರಾದರೂ ಅವರನ್ನು ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಕೇಳುವುದಿಲ್ಲವಲ್ಲ.

"ನನ್ನ ಹತ್ರ ಬರ್ಲಿ" ಎಂದರು ನಂಜಪ್ಪನವರು. "ಆ ಕರು ಸತ್ತಿದ್ದು ನಮ್ಮ ಕೊಟ್ಟಿಗೇಲೇ ಸ್ವಾಮಿ. ಅವಳು ಅಲ್ಲೂ ಅತ್ತಳು. ಅಲ್ಲಿ ಅತ್ತು ಮುಗಿಸಿ ಆಮೇಲೆ ನಿಮ್ಮ ಹತ್ರ ಬಂದಿರೋದು." ಸೊಸೆಯ ಕಡೆ ಕೈ ತೋರಿಸಿ, "ನಾನು ಇರೋವರ್ಗೂ ನಾನು. ಆಮೇಲೆ ಸರೋಜ ಅವ್ಳೆ" ಎಂದರು.

ಸರೋಜಮ್ಮ ಅಡುಗೆಮನೆ ಬಾಗಿಲಲ್ಲೇ ನಿಂತು ತಲೆಯಾಡಿಸಿದರು.

ಮಾವನವರು ಕನ್ನಡಕ ಹಾಕಿಕೊಂಡರು. "ಕೊಡ್ತೀವಿ" ಎಂದರು. ತಮ್ಮ ಧ್ವನಿ ತಮಗೇ ಹೊಸದೆನಿಸಿತೋ ಏನೋ, ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು. "ಸಂತೋಷವಾಗಿ ಕೊಡ್ತೀವಿ ನಂಜಪ್ಪನವರೇ."

ಆಗ ನಂಜಪ್ಪನವರು ಆ ದಿನ ಮೊದಲ ಸಲ ಸಿಂಧುವಿನ ಮುಖ ನೋಡಿದರು. "ಏನ್ ಡಾಕ್ಟ್ರಮ್ಮ, ನಿಮ್ಮ ತಾತ ಹೂಂ ಅಂದ್ರು. ನೀನೇನಂತೀಯಾ?"

"ನನ್ನನ್ನ ಎಲ್ಲಾರಿಗಿಂತ ಕೊನೇಲಿ ಕೇಳ್ತೀರಲ್ಲ ತಾತ" ಎಂದಳು ಸಿಂಧು. ಅಳು ಬರುತ್ತಿತ್ತು, ಆದರೂ ಬಿಡಲಿಲ್ಲ.

"ಮೊದಲೇ ಕೇಳಿದ್ರೆ ನೀನು ಇಷ್ಟೊತ್ತು ನಮಗೆ ಮಾತಾಡಕ್ ಬಿಡ್ತಿದ್ಯಾ? ಹೇಳು ಮಗಾ."

"ಒಪ್ಪಿಗೆ" ಎಂದಳು. "ಆದ್ರೆ ನನ್ನನ್ನ ಯಾರೂ ಯಾರಿಗೂ ಕೊಡ್ತಿಲ್ಲ. ನಾನೇ ಬರ್ತಿರೋದು."

"ಹಂಗೇ ಆಗ್ಲಿ, ನೀನೇ ಬಾ. ನಾವು ಕೇಳೋದು ಕೇಳಿದೀವಿ, ಅಷ್ಟೇ" ಎಂದು ಅವರು ನಕ್ಕರು.

ಆಮೇಲೆ ಚೀಲ ಬಿಚ್ಚಿಕೊಂಡಿತು. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು ಇಟ್ಟ ತಟ್ಟೆಯನ್ನು ನಂಜಪ್ಪನವರು ಮಾವನವರ ಕೈಗೆ ಕೊಟ್ಟರು. ನಮ್ಮ ತಟ್ಟೆ ಅವರ ಕೈಗೆ ಹೋಯಿತು. ಸರೋಜಮ್ಮ ಸಿಂಧುವನ್ನು ಕೂರಿಸಿ ಹೂ ಮುಡಿಸಿದರು. ಚಿಮುಕಿಸಿದ ನೀರು ಇನ್ನೂ ಆರಿರಲಿಲ್ಲ, ಅವಳ ಕುತ್ತಿಗೆಯ ಮೇಲೆ ಒಂದು ಹನಿ ಜಾರಿತು. ಆಷಾಢ ಕಳೆಯಲಿ, ಶ್ರಾವಣದಲ್ಲಿ ನಿಶ್ಚಿತಾರ್ಥ ಹೆಣ್ಣಿನ ಮನೆಯಲ್ಲೇ ಆಗಲಿ, ಲಗ್ನಪತ್ರಿಕೆಯನ್ನು ನಿಮ್ಮ ಪುರೋಹಿತರೇ ಬರೆಯಲಿ, ನಮ್ಮ ಕಡೆಯ ಶಾಸ್ತ್ರಗಳಿಗೂ ಸ್ವಲ್ಪ ಹೊತ್ತು ಬಿಡಿ ಎಂದು ಮಾತುಗಳು ನೀರಿನ ಹಾಗೆ ಹರಿದವು. ಅಷ್ಟು ಹೊತ್ತು ಕಟ್ಟಿಕೊಂಡಿದ್ದ ಬಾಯಿಗಳು ಇವೇನಾ ಎಂದು ನನಗೆ ಆಶ್ಚರ್ಯ.

ನಾನು ತಣ್ಣಗಾದ ಲೋಟಗಳನ್ನು ಎತ್ತಿಕೊಳ್ಳಲು ಹೋದೆ. "ಬೇರೆ ಬಿಸಿ ಮಾಡ್ಕೊಂಡ್ ಬರ್ತೀನಿ."

"ಬ್ಯಾಡ ತಾಯಿ. ಆಗ್ಲಿಂದ ಇದನ್ನೇ ನೋಡ್ತಾ ಕೂತಿದೀನಿ" ಎಂದು ನಂಜಪ್ಪನವರು ಕೆನೆ ಸಮೇತ ಒಂದೇ ಗುಟುಕಿಗೆ ಕುಡಿದರು. ಮೀಸೆಗೆ ಕೆನೆ ಅಂಟಿತು. ಮುರಳಿ ತಮ್ಮ ಕರ್ಚೀಫು ಮುಂದೆ ಚಾಚಿದರು.

ಅಂದು ಅವರೆಲ್ಲ ಹೋದ ಮೇಲೆ ಮಾವನವರು ನನ್ನನ್ನು ಕರೆದರು. ಬೈಯುತ್ತಾರೆಂದುಕೊಂಡೆ. "ಹಾಗೆ ಕೇಳ್ಬೇಕು ಅಂತ ನಿಂಗೆ ಹೇಗೆ ಗೊತ್ತಾಯ್ತಮ್ಮ?" ಎಂದರು. ಹೂವಿನ ಕಥೆ ಹೇಳಿದೆ. "ನಿನ್ನ ಮದುವೆ ಮಾತುಕತೇಲಿ ನಿಮ್ಮ ತಾತ, ನಾನು ಇಡೀ ಮಧ್ಯಾಹ್ನ ಕೊಳಾಯಿ ನೀರಿನ ವಿಷಯ ಮಾತಾಡಿದ್ವಿ. ಕೊನೇವರ್ಗೂ ಅವರು ಒಪ್ಪಿದ್ರೋ ಇಲ್ವೋ ನಂಗೆ ಗೊತ್ತಾಗ್ಲಿಲ್ಲ. ಇವತ್ತಿಗೂ ಗೊತ್ತಿಲ್ಲ" ಎಂದರು. ನಾನು ಅದೇ ಮಧ್ಯಾಹ್ನ ಬಾಗಿಲ ಸಂದಿಯಲ್ಲಿ ನಿಂತು ಕೊಳಾಯಿಯ ಪುರಾಣ ಕೇಳಿದ್ದವಳು. "ಒಪ್ಪಿದ್ರು ಮಾವ" ಎಂದೆ. "ತಾತನ ಕಾಲು ನೋಡ್ತಾ ಇದ್ದೆ. ಬಾಗಿಲ ಕಡೆ ತಿರುಗಲೇ ಇಲ್ಲ."

ಮದುವೆಯಾಗಿ ಈಗ ಕೆಲವು ತಿಂಗಳಾದವು. ನನಗೆ ಈ ಚಟ ಮಾತ್ರ ಉಳಿದುಕೊಂಡಿದೆ. ನಿನ್ನೆ ಮಧ್ಯಾಹ್ನ ಬೆಲ್ ಆಯಿತು. ಬಾಗಿಲು ತೆಗೆದರೆ ನಂಜಪ್ಪನವರು, ಒಬ್ಬರೇ. ಕೈಯಲ್ಲಿ ಚೀಲವಿಲ್ಲ, ತಟ್ಟೆಯಿಲ್ಲ, ಹೆಗಲ ಮೇಲೆ ಟವೆಲ್ಲು ಮಾತ್ರ. ಸಿಂಧುವಿಗೇನಾದರೂ ಆಯಿತೇ? ಏನಾದರೂ ಮಾತು ಬಂತೇ? ಅವರು ಕೂರುವ ಮೊದಲೇ ಕೇಳಿದೆ.

"ಬಂದ ವಿಷಯ?"

ಅವರು ಮಾವನವರ ಪಕ್ಕದ ಕುರ್ಚಿ ಎಳೆದುಕೊಂಡು, ಕಾಲು ನೀಡಿ ಕೂತರು.

"ವಿಷಯ ಏನಿಲ್ಲ ಕಣವ್ವ" ಎಂದರು. "ಸುಮ್ನೆ ಬಂದೆ. ಕಾಫಿ ಕೊಡು."